ಎರಡು ಗೆರೆಗಳು ಎಲ್ಲಿ ಸೇರುತ್ತವೆ?

ಬಿ.ಎಸ್ಸಿ. ಜೀವರಸಾಯನಶಾಸ್ತ್ರದ ಉತ್ತರ ಪತ್ರಿಕೆ ತಿದ್ದುವಾಗ ಒಂದು ಪ್ರಶ್ನೆಯ ಮುಂದೆ ನಾನು ಸ್ವಲ್ಪ ಹೆಚ್ಚು ಹೊತ್ತು ನಿಲ್ಲುತ್ತೇನೆ. ‘ಸ್ಪರ್ಧಾತ್ಮಕ ಮತ್ತು ಸ್ಪರ್ಧಾರಹಿತ ಪ್ರತಿಬಂಧಕಗಳು ಕಿಣ್ವದ ವೇಗದ ನಕ್ಷೆಯನ್ನು ಹೇಗೆ ಬದಲಿಸುತ್ತವೆ? ಚಿತ್ರ ಸಹಿತ ವಿವರಿಸಿ.’ ಚಿತ್ರವನ್ನು ಬಹಳಷ್ಟು ಮಕ್ಕಳು ಚೆನ್ನಾಗಿಯೇ ಬರೆದಿರುತ್ತಾರೆ. ವಿವರಣೆಯಲ್ಲಿ ಮಾತ್ರ ಈ ಎರಡು ಸಾಲು ಮತ್ತೆ ಮತ್ತೆ ಸಿಗುತ್ತದೆ: ‘ಮೊದಲನೆಯದರಲ್ಲಿ ಕೆಎಂ ಹೆಚ್ಚುತ್ತದೆ, ವಿ-ಮ್ಯಾಕ್ಸ್ ಬದಲಾಗುವುದಿಲ್ಲ. ಎರಡನೆಯದರಲ್ಲಿ ಇದಕ್ಕೆ ವಿರುದ್ಧ.’ ವಿರುದ್ಧ ಎಂದರೆ ಏನು? ಎರಡನೆಯದರಲ್ಲಿ ವಿ-ಮ್ಯಾಕ್ಸ್ ಹೆಚ್ಚುತ್ತದೆಯೇ? ಇಲ್ಲ, ಕಡಿಮೆಯಾಗುತ್ತದೆ. ಬಾಯಿಪಾಠದ ಸಾಲಿಗೆ ಕಾರಣದ ಆಸರೆ ಇಲ್ಲದಿದ್ದರೆ ಹೀಗೆ ಜಾರುತ್ತದೆ.

ಕಾರಣವನ್ನು ಕಾಣಲು ಊರಿನ ಕ್ಷೌರದಂಗಡಿಯೊಂದನ್ನು ನೆನೆಯೋಣ. ಕುರ್ಚಿಗಳು ಕಿಣ್ವದ ಕಣಗಳು. ಕ್ಷೌರಕ್ಕೆ ಬರುವವರು ಸಬ್‌ಸ್ಟ್ರೇಟ್, ಅಂದರೆ ಕಿಣ್ವ ಯಾವುದನ್ನು ಹಿಡಿದು ಬದಲಾಯಿಸುತ್ತದೋ ಆ ವಸ್ತು. ಗಿರಾಕಿಗಳು ಕಡಿಮೆ ಇದ್ದಾಗ ಕುರ್ಚಿಗಳು ಖಾಲಿ ಕೂತಿರುತ್ತವೆ. ಜನ ಹೆಚ್ಚಿದಂತೆ ಗಂಟೆಗೆ ಆಗುವ ಕ್ಷೌರಗಳೂ ಹೆಚ್ಚುತ್ತವೆ. ಎಲ್ಲ ಕುರ್ಚಿಯೂ ಸದಾ ತುಂಬಿರುವ ಮಟ್ಟಕ್ಕೆ ಬಂದ ಮೇಲೆ ಬಾಗಿಲಲ್ಲಿ ಎಷ್ಟು ಜನ ನಿಂತರೂ ವೇಗ ಏರುವುದಿಲ್ಲ. ಆ ಗರಿಷ್ಠ ವೇಗವೇ ವಿ-ಮ್ಯಾಕ್ಸ್. ಅದರ ಅರ್ಧದಷ್ಟು ವೇಗ ಬರಲು ಬೇಕಾದ ಸಬ್‌ಸ್ಟ್ರೇಟಿನ ಸಾಂದ್ರತೆ ಕೆಎಂ. ಬರ್ಲಿನ್‌ನಲ್ಲಿ ಲಿಯೊನೋರ್ ಮೈಕೇಲಿಸ್ ಮತ್ತು ಮಾಡ್ ಮೆಂಟೆನ್ ಸಕ್ಕರೆಯನ್ನು ಒಡೆಯುವ ಇನ್ವರ್ಟೇಸ್ ಕಿಣ್ವದ ಮೇಲೆ ಕೆಲಸ ಮಾಡಿ 1913ರಲ್ಲಿ ಪ್ರಕಟಿಸಿದ ಸೂತ್ರ ಈ ನಡವಳಿಕೆಯನ್ನೇ ಹೇಳುತ್ತದೆ:

```
v = Vmax [S] / (Km + [S])
```

ಈಗ ಅದೇ ಅಂಗಡಿಗೆ ಬರೀ ಪೇಪರ್ ಓದಲು ಬರುವವರು ಸೇರಿಕೊಂಡರು ಎನ್ನಿ. ಅವರು ಗಿರಾಕಿಯ ಕುರ್ಚಿಯಲ್ಲೇ ಕೂರುತ್ತಾರೆ, ಕ್ಷೌರ ಮಾಡಿಸಿಕೊಳ್ಳುವುದಿಲ್ಲ, ಆಮೇಲೆ ಎದ್ದು ಹೋಗುತ್ತಾರೆ. ಇದು ಸ್ಪರ್ಧಾತ್ಮಕ ಪ್ರತಿಬಂಧ. ಮ್ಯಾಲೊನೇಟ್ ಮಾಡುವುದು ಇದನ್ನೇ. ನಮ್ಮ ಜೀವಕೋಶಗಳ ಮೈಟೊಕಾಂಡ್ರಿಯದಲ್ಲಿರುವ ಸಕ್ಸಿನೇಟ್ ಡೀಹೈಡ್ರೋಜಿನೇಸ್ ಎಂಬ ಕಿಣ್ವ ಸಕ್ಸಿನೇಟಿನಿಂದ ಎರಡು ಹೈಡ್ರೋಜನ್ ಕಿತ್ತು ಫ್ಯೂಮರೇಟ್ ಮಾಡುತ್ತದೆ. ಸಕ್ಸಿನೇಟಿನ ಎರಡು ತುದಿಯಲ್ಲಿ ಆಮ್ಲದ ಗುಂಪುಗಳು, ನಡುವೆ ಎರಡು ಕಾರ್ಬನ್. ಆ ಎರಡು ಕಾರ್ಬನ್‌ಗಳಿಂದ ಒಂದೊಂದು ಹೈಡ್ರೋಜನ್ ಹೋದಾಗ ಅವುಗಳ ನಡುವೆ ಜೋಡಿಬಂಧ ಏರ್ಪಡುತ್ತದೆ. ಮ್ಯಾಲೊನೇಟಿಗೂ ಅಂಥವೇ ಎರಡು ತುದಿಗಳಿವೆ, ಆದ್ದರಿಂದ ಕಿಣ್ವ ಅದನ್ನೂ ಒಳಗೆ ಬಿಟ್ಟುಕೊಳ್ಳುತ್ತದೆ. ಆದರೆ ನಡುವೆ ಇರುವುದು ಒಂದೇ ಕಾರ್ಬನ್. ಜೋಡಿಬಂಧಕ್ಕೆ ಜೊತೆಯೇ ಇಲ್ಲ. ಕೂತ ಕುರ್ಚಿ ದಂಡವಾಯಿತು, ಅಷ್ಟೇ.

ಇನ್ನೊಂದು ಅಂಗಡಿಯಲ್ಲಿ ಅರ್ಧದಷ್ಟು ಕುರ್ಚಿಗಳ ಪಕ್ಕದ ಕತ್ತರಿಯನ್ನು ಯಾರೋ ಎತ್ತಿಟ್ಟಿದ್ದಾರೆ. ಗಿರಾಕಿ ಎಂದಿನಂತೆ ಬಂದು ಕೂರುತ್ತಾನೆ, ಕೂರುವುದಕ್ಕೆ ಅಡ್ಡಿಯಿಲ್ಲ, ಆದರೆ ಆ ಕುರ್ಚಿಯಲ್ಲಿ ಕೆಲಸ ಆಗುವುದಿಲ್ಲ. ಇದು ಸ್ಪರ್ಧಾರಹಿತ ಪ್ರತಿಬಂಧ. ಇಲ್ಲಿ ಪ್ರತಿಬಂಧಕ ಕೂರುವುದು ಕಿಣ್ವದ ಬೇರೊಂದು ಜಾಗದಲ್ಲಿ. ಸಬ್‌ಸ್ಟ್ರೇಟ್ ಬಂದು ಕೂತಿದ್ದರೂ ಸರಿ, ಇಲ್ಲದಿದ್ದರೂ ಸರಿ, ಅದು ಒಂದೇ ಸಲೀಸಿನಲ್ಲಿ ಅಂಟಿಕೊಳ್ಳುತ್ತದೆ.

ಮೊದಲ ಅಂಗಡಿಗೆ ಗಿರಾಕಿಗಳನ್ನು ನುಗ್ಗಿಸಿದರೆ ತೊಂದರೆ ಕರಗುತ್ತದೆ. ಪೇಪರ್ ಓದುವವನು ಎದ್ದ ಕೂಡಲೇ ಆ ಕುರ್ಚಿ ಗಿರಾಕಿಗೇ ಸಿಗುವ ಸಂಭವ ಹೆಚ್ಚುತ್ತಾ ಹೋಗುತ್ತದೆ. ಎರಡನೆಯ ಅಂಗಡಿಗೆ ಊರಿಗೆ ಊರೇ ಬಂದು ನಿಂತರೂ ಕತ್ತರಿ ವಾಪಸು ಬರುವುದಿಲ್ಲ. ನಕ್ಷೆಯಲ್ಲಿ ನಾವು ಹುಡುಕುತ್ತಿರುವುದು ಈ ಒಂದೇ ವ್ಯತ್ಯಾಸವನ್ನು.

ಲೆಕ್ಕ ಹಿಡಿಯೋಣ. ತರಗತಿಯಲ್ಲಿ ಸುಲಭವಾಗಲೆಂದು ನಾನು ಹೊಂದಿಸಿಕೊಂಡ ಅಂಕಿಗಳಿವು. ಒಂದು ಕಿಣ್ವದ ವಿ-ಮ್ಯಾಕ್ಸ್ 100 ಘಟಕ, ಕೆಎಂ 2 ಮಿಲಿಮೋಲಾರ್. ನಾಲ್ಕು ಟ್ಯೂಬುಗಳಲ್ಲಿ ಸಬ್‌ಸ್ಟ್ರೇಟ್ 1, 2, 4, 8 ಮಿಲಿಮೋಲಾರ್ ಇಟ್ಟರೆ ವೇಗ ಕ್ರಮವಾಗಿ 33.3, 50, 66.7, 80. ಇದಕ್ಕೆ ಸ್ಪರ್ಧಾತ್ಮಕ ಪ್ರತಿಬಂಧಕವೊಂದನ್ನು ಕೆಎಂ ಇಮ್ಮಡಿಯಾಗುವಷ್ಟು ಹಾಕಿದರೆ ವೇಗಗಳು 20, 33.3, 50, 66.7 ಆಗುತ್ತವೆ. ಅದರ ಬದಲು ವಿ-ಮ್ಯಾಕ್ಸ್ ಅರ್ಧವಾಗುವಷ್ಟು ಸ್ಪರ್ಧಾರಹಿತ ಪ್ರತಿಬಂಧಕ ಹಾಕಿದರೆ 16.7, 25, 33.3, 40.

ಮೊದಲ ಟ್ಯೂಬನ್ನು ಮಾತ್ರ ನೋಡಿ. 33.3 ಇದ್ದದ್ದು ಒಂದರಲ್ಲಿ 20ಕ್ಕೆ, ಇನ್ನೊಂದರಲ್ಲಿ 16.7ಕ್ಕೆ ಇಳಿದಿದೆ. ಎರಡೂ ಹತ್ತಿರ ಹತ್ತಿರ. ಸಬ್‌ಸ್ಟ್ರೇಟನ್ನು ಇನ್ನೂ ಕಡಿಮೆ ಮಾಡಿದರೆ ಎರಡೂ ವೇಗವನ್ನು ಸುಮಾರು ಅರ್ಧಕ್ಕೆ ಇಳಿಸಿ ಒಂದೇ ರೀತಿ ಕಾಣುತ್ತವೆ. ಈಗ ಸಬ್‌ಸ್ಟ್ರೇಟನ್ನು 40 ಮಿಲಿಮೋಲಾರ್‌ಗೆ ಏರಿಸಿ. ಪ್ರತಿಬಂಧಕ ಇಲ್ಲದ ಟ್ಯೂಬು 95, ಸ್ಪರ್ಧಾತ್ಮಕ 91, ಸ್ಪರ್ಧಾರಹಿತ 48ಕ್ಕಿಂತ ಸ್ವಲ್ಪ ಕಡಿಮೆ. ಮೊದಲನೆಯದು ಹೆಚ್ಚುಕಡಿಮೆ ಚೇತರಿಸಿಕೊಂಡಿದೆ, ಎರಡನೆಯದು ಅರ್ಧದಲ್ಲೇ ಉಳಿದಿದೆ. ಕಡಿಮೆ ಸಬ್‌ಸ್ಟ್ರೇಟಿನ ಒಂದೇ ಅಳತೆಯಿಂದ ಪ್ರತಿಬಂಧಕದ ಬಗೆಯನ್ನು ತೀರ್ಮಾನಿಸಬಾರದು ಎನ್ನುವುದು ಇದಕ್ಕೇ.

ಹೀಗೆ ಏರುವ ಬಾಗುಗೆರೆಯಲ್ಲಿ ಒಂದು ತೊಡಕಿದೆ. 40 ಮಿಲಿಮೋಲಾರ್ ಎಂದರೆ ಕೆಎಂನ ಇಪ್ಪತ್ತು ಪಟ್ಟು. ಆಗಲೂ ವೇಗ 95ರಲ್ಲೇ ಇದೆ, 100 ಮುಟ್ಟಿಲ್ಲ. ಹಾಗಾದರೆ ಚಾವಣಿ ಎಲ್ಲಿದೆ ಎಂದು ಕಣ್ಣಳತೆಯಲ್ಲಿ ಹೇಳುವುದು ಹೇಗೆ? 1934ರಲ್ಲಿ ಹ್ಯಾನ್ಸ್ ಲೈನ್‌ವೀವರ್ ಮತ್ತು ಡೀನ್ ಬರ್ಕ್ ಸೂತ್ರವನ್ನು ತಲೆಕೆಳಗು ಮಾಡಿ ಬರೆಯುವ ದಾರಿ ತೋರಿಸಿದರು. ವೇಗದ ಬದಲು 1/v, ಸಾಂದ್ರತೆಯ ಬದಲು 1/[S] ಗುರುತಿಸಿದರೆ ಬಾಗುಗೆರೆ ನೇರವಾಗುತ್ತದೆ. ಆ ಗೆರೆ ಲಂಬ ಅಕ್ಷವನ್ನು ಕಡಿಯುವ ಜಾಗ 1/Vmax. ಅಲ್ಲಿ 1/[S] ಸೊನ್ನೆ, ಅಂದರೆ ಸಬ್‌ಸ್ಟ್ರೇಟ್ ಅಪಾರ. ಬಾಗಿಲಲ್ಲಿ ಊರಿಗೆ ಊರೇ ನಿಂತಿರುವ ಸ್ಥಿತಿ ಅದು. ಗೆರೆಯನ್ನು ಎಡಕ್ಕೆ ಎಳೆದಾಗ ಅಡ್ಡ ಅಕ್ಷವನ್ನು ಅದು ಕಡಿಯುವ ಜಾಗ -1/Km.

ನಮ್ಮ ಅಂಕಿಗಳನ್ನು ತಿರುಗಿಸಿದರೆ 1/[S] ಮೌಲ್ಯಗಳು 1, 0.5, 0.25, 0.125. ಪ್ರತಿಬಂಧಕ ಇಲ್ಲದಾಗ 1/v ಮೌಲ್ಯಗಳು 0.03, 0.02, 0.015, 0.0125. ಗೆರೆ ಲಂಬ ಅಕ್ಷವನ್ನು 0.01ರಲ್ಲಿ ಮುಟ್ಟುತ್ತದೆ, ಇಳಿಜಾರು 0.02. ಸ್ಪರ್ಧಾತ್ಮಕ ಗೆರೆಯ ಇಳಿಜಾರು 0.04 ಆಗಿ ಕಡಿದಾಗುತ್ತದೆ, ಆದರೆ ಅದೂ ಲಂಬ ಅಕ್ಷದ ಅದೇ 0.01ಕ್ಕೇ ಬಂದು ಸೇರುತ್ತದೆ. ಅಪಾರ ಗಿರಾಕಿಗಳ ಎದುರು ಪೇಪರ್ ಓದುವವರು ಲೆಕ್ಕಕ್ಕಿಲ್ಲ ಎಂಬುದನ್ನೇ ಆ ಸೇರುವ ಬಿಂದು ಹೇಳುತ್ತಿದೆ. ಸ್ಪರ್ಧಾರಹಿತ ಗೆರೆ ಲಂಬ ಅಕ್ಷವನ್ನು 0.02ರಲ್ಲಿ, ಮೇಲೆ ಕಡಿಯುತ್ತದೆ. ಮೂಲ ಗೆರೆಯನ್ನು ಅದು ಸಂಧಿಸುವುದು ಎಡಗಡೆ ಅಡ್ಡ ಅಕ್ಷದ ಮೇಲೆ, -0.5ರಲ್ಲಿ. ಉಳಿದ ಕುರ್ಚಿಗಳು ಅರ್ಧ ತುಂಬಲು ಮೊದಲಿನಷ್ಟೇ ಗಿರಾಕಿಗಳು ಸಾಕು, ಆದ್ದರಿಂದ ಕೆಎಂ ಕದಲಿಲ್ಲ.

ಈ ಗೆರೆಯ ಇಳಿಜಾರು ಎಷ್ಟು? ಅದೂ 0.04. ನಮ್ಮ ಲೆಕ್ಕದಲ್ಲಿ ಎರಡು ಪ್ರತಿಬಂಧಕಗಳ ಗೆರೆಗಳು ಒಂದಕ್ಕೊಂದು ಸಮಾನಾಂತರ. ‘ಗೆರೆ ಕಡಿದಾಗಿದೆ, ಆದ್ದರಿಂದ ಸ್ಪರ್ಧಾತ್ಮಕ’ ಎಂದು ಬರೆದ ಉತ್ತರಕ್ಕೆ ನಾನು ಅಂಕ ಕೊಡಲಾರೆ. ಬಗೆಯನ್ನು ಹೇಳುವುದು ಮೂಲ ಗೆರೆಯೊಂದಿಗೆ ಸೇರುವ ಜಾಗ. ಇನ್ನೊಂದು ತಪ್ಪೂ ಸಾಮಾನ್ಯ. ಸ್ಪರ್ಧಾತ್ಮಕ ಗೆರೆ ಅಡ್ಡ ಅಕ್ಷವನ್ನು ಕಡಿಯುವುದು -0.5ರ ಬದಲು -0.25ರಲ್ಲಿ. ಸೊನ್ನೆಗೆ ಹತ್ತಿರ ಬಂತು ಎಂದು ಕಂಡು ಕೆಲವರು ಕೆಎಂ ಕಡಿಮೆಯಾಯಿತು ಎಂದು ಬರೆಯುತ್ತಾರೆ. ಅಲ್ಲಿರುವುದು ಕೆಎಂನ ವ್ಯುತ್ಕ್ರಮ. 0.5 ಎಂದರೆ ಕೆಎಂ 2, 0.25 ಎಂದರೆ 4. ಹತ್ತಿರ ಬಂದಷ್ಟೂ ಕೆಎಂ ದೊಡ್ಡದು.

ಅಡ್ಡ ಅಕ್ಷದ ಮೇಲೆ ಸರಿಯಾಗಿ ಸೇರುವ ಅಚ್ಚುಕಟ್ಟಾದ ಸ್ಪರ್ಧಾರಹಿತ ನಕ್ಷೆ ಪ್ರಯೋಗಾಲಯದಲ್ಲಿ ಅಪರೂಪ. ಸಬ್‌ಸ್ಟ್ರೇಟ್ ಕೂತ ಮೇಲೆ ಕಿಣ್ವದ ಆಕಾರ ಒಂದಿಷ್ಟಾದರೂ ಬದಲಾಗುವುದರಿಂದ ಖಾಲಿ ಕಿಣ್ವಕ್ಕೂ ತುಂಬಿದ ಕಿಣ್ವಕ್ಕೂ ಪ್ರತಿಬಂಧಕ ಒಂದೇ ಸಲೀಸಿನಲ್ಲಿ ಅಂಟುವುದು ಕಡಿಮೆ. ಆಗ ಗೆರೆಗಳು ಲಂಬ ಅಕ್ಷದ ಎಡಗಡೆ, ಅಡ್ಡ ಅಕ್ಷದ ಮೇಲೋ ಕೆಳಗೋ ಸೇರುತ್ತವೆ. ಇದನ್ನು ಮಿಶ್ರ ಪ್ರತಿಬಂಧ ಎನ್ನುತ್ತಾರೆ. ಪಾದರಸದಂಥ ಭಾರಲೋಹಗಳದ್ದು ಬೇರೆಯೇ ಕಥೆ. ಅವು ಕಿಣ್ವದ ಗಂಧಕದ ಗುಂಪುಗಳನ್ನು ಬಿಡದಂತೆ ಹಿಡಿದುಬಿಡಬಲ್ಲವು. ಅಷ್ಟು ಕಿಣ್ವ ಸತ್ತಂತೆಯೇ, ಹಾಗಾಗಿ ವಿ-ಮ್ಯಾಕ್ಸ್ ಇಳಿಯುತ್ತದೆ, ಕೆಎಂ ಹಾಗೇ ಉಳಿಯುತ್ತದೆ, ನಕ್ಷೆ ಥೇಟ್ ಸ್ಪರ್ಧಾರಹಿತದಂತೆ ಕಾಣುತ್ತದೆ. ನಕ್ಷೆಯೊಂದೇ ಇವೆರಡನ್ನು ಬೇರ್ಪಡಿಸಲಾರದು. ಮಿಶ್ರಣವನ್ನು ತೆಳು ಪೊರೆಯ ಚೀಲದಲ್ಲಿಟ್ಟು ಡಯಾಲಿಸಿಸ್ ಮಾಡಿದಾಗ ವೇಗ ಮರಳಿ ಬಂದರೆ ಪ್ರತಿಬಂಧಕ ಬಿಟ್ಟುಹೋಗುವಂಥದ್ದು. ಬರದಿದ್ದರೆ ಅದು ಕಾಯಂ ಆಗಿ ಅಂಟಿರುವ ಸಾಧ್ಯತೆಯೇ ಹೆಚ್ಚು.

ವ್ಯುತ್ಕ್ರಮದ ನಕ್ಷೆಯಲ್ಲಿ ನಿಜವಾಗಿ ಕೈಕೊಡುವ ಜಾಗ ಅಳತೆಯ ದೋಷ. ಎಲ್ಲ ಟ್ಯೂಬುಗಳಲ್ಲೂ ನಮ್ಮ ಅಳತೆ 2 ಘಟಕದಷ್ಟು ಆಚೀಚೆ ಆಗಬಹುದು ಎಂದುಕೊಳ್ಳಿ. ವೇಗ 66.7 ಇರುವಲ್ಲಿ ಇದರಿಂದ 1/v ಹೆಚ್ಚೇನೂ ಅಲುಗುವುದಿಲ್ಲ. ವೇಗ 20 ಇರುವಲ್ಲಿ ಅದು 0.045ರಿಂದ 0.056ರವರೆಗೆ ಓಲಾಡುತ್ತದೆ, ಅಂದರೆ ಹನ್ನೊಂದು ಪಟ್ಟು ಹೆಚ್ಚು. ತೀರಾ ನಂಬಲಾಗದ ಬಿಂದುವೇ ಗೆರೆಯ ಬಲತುದಿಯಲ್ಲಿ ಕೂತು ಇಡೀ ಗೆರೆಯನ್ನು ಸನ್ನೆಗೋಲಿನಂತೆ ಎತ್ತುತ್ತದೆ.

ನಮ್ಮ ಸ್ಪರ್ಧಾತ್ಮಕ ಸರಣಿಯಲ್ಲಿ ಮೊದಲ ಟ್ಯೂಬಿನ 20ರ ಬದಲು 18 ಬಂತು, ಉಳಿದ ಮೂರು ಸರಿಯಾಗಿವೆ. ನಾಲ್ಕೂ ಬಿಂದುಗಳಿಗೆ ಸಮಾನ ತೂಕ ಕೊಟ್ಟು ಗೆರೆ ಹೊಂದಿಸಿದರೆ ಲಂಬ ಅಕ್ಷವನ್ನು ಅದು 0.01ರ ಬದಲು ಸುಮಾರು 0.0083ರಲ್ಲಿ ಕಡಿಯುತ್ತದೆ. ತಿರುಗಿಸಿದರೆ ವಿ-ಮ್ಯಾಕ್ಸ್ 120, ಕೆಎಂ 4ರ ಬದಲು 5.6. ಪ್ರತಿಬಂಧಕ ಹಾಕಿದ್ದರಿಂದ ಕಿಣ್ವದ ಗರಿಷ್ಠ ವೇಗ ಹೆಚ್ಚಿತು ಎಂದಾಯಿತು! ಪೇಪರ್ ಓದುವವರು ಬಂದದ್ದರಿಂದ ಕುರ್ಚಿಗಳು ಹೆಚ್ಚಿದಂತೆ. ಇಂಥ ಉತ್ತರ ಬಂದಾಗ ಹೊಸ ಬಗೆಯ ಪ್ರತಿಬಂಧಕ ಸಿಕ್ಕಿತು ಎಂದು ಬರೆಯುವ ಮೊದಲು ಕಡಿಮೆ ಸಬ್‌ಸ್ಟ್ರೇಟಿನ ಟ್ಯೂಬನ್ನು ಮೂರು ಸಲ ಮತ್ತೆ ಮಾಡಬೇಕು. 40 ಮಿಲಿಮೋಲಾರ್‌ನ ಇನ್ನೊಂದು ಟ್ಯೂಬನ್ನೂ ಸೇರಿಸಬೇಕು. ಆಮೇಲೆ ವ್ಯುತ್ಕ್ರಮಕ್ಕೆ ಹೋಗದೆ ಮೂಲ ಬಾಗುಗೆರೆಯನ್ನೇ ಕಂಪ್ಯೂಟರಿನಲ್ಲಿ ಅಂಕಿಗಳಿಗೆ ಹೊಂದಿಸಿ ಕೆಎಂ, ವಿ-ಮ್ಯಾಕ್ಸ್ ತೆಗೆಯಬೇಕು. ನೇರ ಗೆರೆಗಳನ್ನು ಕೊನೆಯಲ್ಲಿ, ಅವು ಎಲ್ಲಿ ಸೇರುತ್ತವೆ ಎಂದು ಓದುವವರಿಗೆ ತೋರಿಸಲು ಎಳೆದರಾಯಿತು.