ಸ್ಕ್ವಾಟ್‌ನಲ್ಲಿ ಹಿಮ್ಮಡಿ ಏಳುವುದೇಕೆ?

ಸ್ಕ್ವಾಟ್ ಪರೀಕ್ಷೆ ಶುರುವಾಗುವುದು ಬರಿಗಾಲಿನಲ್ಲಿ, ಭಾರವಿಲ್ಲದೆ. ಜಿಮ್‌ಗೆ ಬಂದವರು ಐದು ಬಾರಿ ಕುಳಿತು ಏಳುವಾಗ ತರಬೇತುದಾರರು ಮುಂದಿನಿಂದಲೂ ಪಕ್ಕದಿಂದಲೂ ನೋಡಿ ಪಟ್ಟಿಯಲ್ಲಿ ಗುರುತು ಹಾಕುತ್ತಾರೆ: ಹಿಮ್ಮಡಿ ನೆಲದಲ್ಲಿದೆಯೇ, ಮಂಡಿ ಕಾಲ್ಬೆರಳಿನ ದಿಕ್ಕಿಗೇ ಸಾಗುತ್ತಿದೆಯೇ, ತಳದಲ್ಲಿ ಕೆಳಬೆನ್ನು ಗೂನಾಗುತ್ತಿದೆಯೇ. ಆಗಲೇ ತಿದ್ದಹೊರಟರೆ ಸಹಜ ಚಲನೆ ಕಾಣಿಸುವುದಿಲ್ಲ.

ಒಬ್ಬರು ಅರ್ಧ ಇಳಿಯುವಷ್ಟರಲ್ಲೇ ಹಿಮ್ಮಡಿ ಎದ್ದು ಎದೆ ಮುಂದಕ್ಕೆ ವಾಲುತ್ತದೆ ಎನ್ನೋಣ. ‘ಎದೆ ಎತ್ತಿ’ ಎಂದು ಎಷ್ಟು ಕೂಗಿದರೂ ಪ್ರಯೋಜನವಿಲ್ಲ; ಮೊದಲು ಕಾರಣ ಹುಡುಕಬೇಕು. ಎರಡೂ ಹಿಮ್ಮಡಿಯಡಿ ಸಣ್ಣ ಪ್ಲೇಟ್ ಇಟ್ಟು ಮತ್ತೆ ಕೂರಿಸಿದಾಗ ಬೆನ್ನು ನೆಟ್ಟಗೆ ನಿಂತು ಆಳ ಹೆಚ್ಚಿದರೆ, ಬಿಗಿತ ಇರುವುದು ಬಹುಶಃ ಕಣಕಾಲಿನ ಕೀಲಿನಲ್ಲಿ. ಹೆಬ್ಬೆರಳನ್ನು ಗೋಡೆಯಿಂದ ಸುಮಾರು 10 ಸೆಂ.ಮೀ. ದೂರವಿಟ್ಟು, ಹಿಮ್ಮಡಿ ಎತ್ತದೆ ಮಂಡಿಯನ್ನು ಗೋಡೆಗೆ ತಾಗಿಸಲಾಗದಿದ್ದರೆ ಆ ಅನುಮಾನ ಬಲವಾಗುತ್ತದೆ. ಅಂಥವರಿಗೆ ಕಣಕಾಲಿನ ವ್ಯಾಯಾಮ ನಡೆಯುವವರೆಗೆ ಪ್ಲೇಟ್ ಇರಲಿ.

ಪ್ಲೇಟ್ ಇಟ್ಟರೂ ಬದಲಾಗದಿದ್ದರೆ ಎದೆಗೆ ಹಗುರವಾದ ಡಂಬಲ್ ಹಿಡಿಸಿ, ಒಂದೇ ಸೂಚನೆ ಕೊಡಬೇಕು: ‘ಇಡೀ ಪಾದದಿಂದ ನೆಲ ಒತ್ತಿ.’ ಮಂಡಿ ಒಳಕ್ಕೆ ಬಾಗುವವರಿಗೆ ‘ನೆಲವನ್ನು ಎರಡೂ ಕಡೆಗೆ ಸೀಳಿ’ ಎಂಬ ಮಾತು ಬೇಗ ಹಿಡಿಸುತ್ತದೆ. ಚುಚ್ಚುವ ನೋವಿದ್ದರೆ ಮಾತ್ರ ಸೂಚನೆ ನಿಲ್ಲಿಸಿ ಫಿಸಿಯೋಥೆರಪಿಸ್ಟ್ ಬಳಿ ಕಳಿಸಬೇಕು.