ಬಸ್ಸು ಎಷ್ಟು ದಿನ ತಡವಾದೀತು?

ನಿಮ್ಮ ಬಸ್ ಪ್ರಯಾಣಕ್ಕೆ ಸರಾಸರಿ 40 ನಿಮಿಷ, ಮಾನಕ ವಿಚಲನೆ 10 ನಿಮಿಷ ಎಂದುಕೊಳ್ಳಿ. ಬೇರೇನೂ ಗೊತ್ತಿಲ್ಲ. 60 ನಿಮಿಷ ಅಥವಾ ಹೆಚ್ಚು ಹಿಡಿಯುವ ದಿನಗಳು ಎಷ್ಟಿರಬಹುದು?

ಚೆಬಿಶೇವ್ ಸೂತ್ರದ ಪ್ರಕಾರ ನಾಲ್ಕರಲ್ಲಿ ಒಂದನ್ನು ಮೀರದು. ಆದರೆ ಅದು 20 ನಿಮಿಷ ಬೇಗ ತಲುಪುವ ದಿನಗಳನ್ನೂ ಲೆಕ್ಕಕ್ಕೆ ಹಿಡಿಯುತ್ತದೆ. ಬೇಗ ತಲುಪಿದರೆ ನಮಗೇನು ತೊಂದರೆ? ಇಟಲಿಯ ಗಣಿತಜ್ಞ ಕ್ಯಾಂಟೆಲ್ಲಿಯ ಸೂತ್ರ ತಡವಾಗುವ ಬದಿಯನ್ನಷ್ಟೇ ನೋಡುತ್ತದೆ. ವಿಚಲನೆಯ ವರ್ಗ 100, ಹೆಚ್ಚುವರಿ 20 ನಿಮಿಷದ ವರ್ಗ 400. ಮೊದಲನೆಯದನ್ನು ಎರಡರ ಮೊತ್ತವಾದ 500ರಿಂದ ಭಾಗಿಸಿ: ಹೆಚ್ಚೆಂದರೆ ಐದರಲ್ಲಿ ಒಂದು ದಿನ.

ಇದನ್ನು ಇನ್ನೂ ಬಿಗಿ ಮಾಡಲಾಗದು. ಐದರಲ್ಲಿ ನಾಲ್ಕು ದಿನ 35 ನಿಮಿಷ, ಒಂದು ದಿನ 60 ನಿಮಿಷ ಹಿಡಿದರೂ ಸರಾಸರಿ, ವಿಚಲನೆ ಅವೇ ಬರುತ್ತವೆ, ಕೂಡಿ ನೋಡಿ. ಆದರೆ ನಾಲ್ಕೈದು ದಿನದ ಅಳತೆಯಿಂದ ಊಹಿಸಿದ ಸರಾಸರಿಗೆ ಈ ಭರವಸೆ ಅನ್ವಯಿಸದು.