ಹೆಚ್ಚಾದ ನಾಲ್ಕನೆಯ ಅಳತೆ

ತ್ರೀಡಿ ಪ್ರಿಂಟರ್‌ಗಳಲ್ಲಿ, ಸಣ್ಣ ಸಿಎನ್‌ಸಿ ಯಂತ್ರಗಳಲ್ಲಿ ಸಾಮಾನ್ಯವಾಗಿ ಕಾಣುವ ಸ್ಟೆಪ್ಪರ್ ಮೋಟಾರು ನೀಮಾ 17. ಅದರ ಮುಖ ಸುಮಾರು 42 ಮಿ.ಮೀ. ಚೌಕ. ಮುಖದ ನಾಲ್ಕು ಮೂಲೆಗಳಲ್ಲಿ ನಾಲ್ಕು ಸ್ಕ್ರೂ ತೂತುಗಳಿದ್ದು, ಅಕ್ಕಪಕ್ಕದ ಎರಡು ತೂತುಗಳ ಕೇಂದ್ರಗಳ ನಡುವೆ 31 ಮಿ.ಮೀ. ಅಂತರವಿರುತ್ತದೆ. ಈ ಮೋಟಾರನ್ನು ಕೂರಿಸಲು ಅಲ್ಯೂಮಿನಿಯಂ ಪ್ಲೇಟೊಂದು ಬೇಕೆಂದುಕೊಳ್ಳಿ. ಕಂಪ್ಯೂಟರಿನಲ್ಲಿ ಸ್ಕೆಚ್ ಹಾಕಲು ಕೂತವರು ಎಡ ಅಂಚಿನಿಂದ ಮೊದಲ ತೂತಿಗೆ 9.5 ಎಂದು ಕೊಡುತ್ತಾರೆ, ತೂತುಗಳ ನಡುವೆ 31, ಎರಡನೆಯ ತೂತಿನಿಂದ ಬಲ ಅಂಚಿಗೆ ಮತ್ತೆ 9.5. ಕೊನೆಗೆ ಇಡೀ ಪ್ಲೇಟಿನ ಅಗಲ 50 ಎಂದು ಬರೆಯಲು ಹೋಗುತ್ತಾರೆ. ಕೂಡಿ ನೋಡಿದರೆ ಲೆಕ್ಕ ಸರಿಯಾಗಿಯೇ ಇದೆ. ಆದರೂ ತಂತ್ರಾಂಶ ತಕರಾರು ತೆಗೆಯುತ್ತದೆ. ಸಾಲಿಡ್‌ವರ್ಕ್ಸ್ ಆದರೆ `Make Dimension Driven?` ಎಂದು ಕೇಳುತ್ತದೆ. ಫ್ರೀಕ್ಯಾಡ್ ಆದರೆ ಅನಗತ್ಯ ನಿರ್ಬಂಧವೊಂದು ಸೇರಿದೆ ಎಂದು ಬಣ್ಣ ಬದಲಿಸಿ ತೋರಿಸುತ್ತದೆ.

ತಪ್ಪಿಲ್ಲದ ಅಳತೆಗೂ ಈ ತಕರಾರು ಯಾಕೆ? ಕಾಗದದ ನಕ್ಷೆಯಲ್ಲಿ ಗೆರೆ ಮೊದಲು, ಅಂಕಿ ಆಮೇಲೆ. ಅಲ್ಲಿ ಅಂಕಿ ಬರೀ ವಿವರಣೆ. ಪ್ಯಾರಾಮೆಟ್ರಿಕ್ ಸ್ಕೆಚ್‌ನಲ್ಲಿ ಇದು ತಲೆಕೆಳಗು. 31 ಅಳಿಸಿ 35 ಎಂದು ಬರೆದರೆ ತೂತೇ ಸರಿದು ಹೋಗಿ ನಿಲ್ಲುತ್ತದೆ. ಹೀಗೆ ಗೆರೆಯನ್ನು ಎಳೆದು ನಿಲ್ಲಿಸುವ ಅಂಕಿಯೇ ಡ್ರೈವಿಂಗ್ ಡೈಮೆನ್ಷನ್. ಉಳಿದ ಗೆರೆಗಳು ನಿಂತ ಮೇಲೆ ಲೆಕ್ಕದಿಂದ ತಾನಾಗಿ ಬರುವ ಅಂಕಿ ಡ್ರಿವನ್ ಡೈಮೆನ್ಷನ್. ಅದನ್ನು ಓದಬಹುದು, ತಿದ್ದಲಾಗದು.

ನಮ್ಮ ಪ್ಲೇಟಿನಲ್ಲಿ ಅಡ್ಡ ದಿಕ್ಕೊಂದನ್ನೇ ತೆಗೆದುಕೊಂಡರೆ ತೀರ್ಮಾನವಾಗಬೇಕಾದದ್ದು ನಾಲ್ಕು ಜಾಗಗಳು: ಎಡ ಅಂಚು, ಎರಡು ತೂತು, ಬಲ ಅಂಚು. ಎಡ ಅಂಚನ್ನು ಮೂಲಬಿಂದುವಿಗೆ ಕಟ್ಟಿದರೆ ಉಳಿಯುವುದು ಮೂರು. ಮೂರು ಜಾಗಕ್ಕೆ ಮೂರು ಅಂಕಿ ಸಾಕು. ನಾಲ್ಕನೆಯದಕ್ಕೆ ಎಳೆಯಲು ಏನೂ ಉಳಿದಿರುವುದಿಲ್ಲ. ಈಗ ಅದು 50 ಎಂದು ಹೊಂದಿಕೊಂಡಿದ್ದರೂ, ನಾಳೆ ಯಾರಾದರೂ 31 ಅನ್ನು 35 ಮಾಡಿದ ಕ್ಷಣವೇ ಮೊತ್ತ 54 ಆಗುತ್ತದೆ, ಅಂಕಿ ಮಾತ್ರ 50 ಎಂದು ಹಟ ಹಿಡಿಯುತ್ತದೆ. ಇವತ್ತಿನ ನಕಲು ನಾಳೆಯ ಜಗಳ.

ಕೆಲವೊಮ್ಮೆ ಆ ಜಗಳ ನಾಳೆಯವರೆಗೂ ಕಾಯುವುದಿಲ್ಲ. ಇದೇ ಮೋಟಾರಿನ ಎದುರುಬದುರು ತೂತುಗಳ ಕರ್ಣದ ಅಂತರವನ್ನು ಕೆಲವು ಕ್ಯಾಟಲಾಗ್‌ಗಳು 43.84 ಎಂದು ಕೊಡುತ್ತವೆ. 31ರ ಜೊತೆ ಇದನ್ನೂ ಸ್ಕೆಚ್‌ಗೆ ಹಾಕೋಣ ಎನಿಸುವುದು ಸಹಜ. ಆದರೆ 31 ಮಿ.ಮೀ. ಚೌಕದ ಕರ್ಣ ನಿಜವಾಗಿ 43.8406ರಷ್ಟು. ಆ ಚೂರು ವ್ಯತ್ಯಾಸ ಯಾವ ಡ್ರಿಲ್ಲಿಗೂ ತಿಳಿಯದು, ಆದರೆ ಲೆಕ್ಕ ಬಿಡಿಸುವ ಸಾಲ್ವರ್‌ಗೆ ಅದು ನೇರ ವಿರೋಧ. ಇದರ ದೊಡ್ಡಣ್ಣ ನೀಮಾ 23ರಲ್ಲಿ ಇನ್ನೂ ಸ್ವಾರಸ್ಯ. ಅಲ್ಲಿ ತೂತುಗಳು ಕೂರುವ ವೃತ್ತದ ವ್ಯಾಸ ಮೂಲದಲ್ಲಿ 2.625 ಇಂಚು, ಅಂದರೆ 66.675 ಮಿ.ಮೀ. ಅದರಿಂದ ಲೆಕ್ಕ ಹಾಕಿದರೆ ಚೌಕದ ಬದಿ 47.146 ಬರುತ್ತದೆ, ಕ್ಯಾಟಲಾಗ್‌ಗಳಲ್ಲಿ ಅಚ್ಚಾಗಿರುವುದು 47.14. ಒಂದು ಅಂಕಿ ಒಡೆಯ, ಇನ್ನೊಂದು ಅದರಿಂದ ಹುಟ್ಟಿ ಬಾಲ ಕತ್ತರಿಸಿಕೊಂಡದ್ದು. ಎರಡನ್ನೂ ಸ್ಕೆಚ್‌ನಲ್ಲಿ ಒಡೆಯರನ್ನಾಗಿ ಮಾಡಿದರೆ ಕೆಂಪು ಬಣ್ಣ ಖಚಿತ. ಒಂದನ್ನು ಆರಿಸಿ, ಇನ್ನೊಂದನ್ನು ಡ್ರಿವನ್ ಆಗಿ ಇಟ್ಟುಕೊಂಡರೆ ಕ್ಯಾಟಲಾಗ್ ಜೊತೆ ತಾಳೆ ನೋಡಲು ಅನುಕೂಲ.

ಹಾಗಾದರೆ ಪ್ಲೇಟಿನ ನಾಲ್ಕು ಅಂಕಿಗಳಲ್ಲಿ ಯಾವುದನ್ನು ಬಿಡಬೇಕು? ಇದನ್ನು ತಂತ್ರಾಂಶ ಹೇಳುವುದಿಲ್ಲ. ಕೊನೆಗೆ ಬಂದದ್ದನ್ನು ಅದು ಹೆಚ್ಚುವರಿ ಎನ್ನುತ್ತದೆ ಅಷ್ಟೆ, ಮತ್ತು ಬಹಳ ಮಂದಿ ಅದಕ್ಕೆ ಹೂಂ ಎಂದು ಮುಂದೆ ಹೋಗುತ್ತಾರೆ. ಯಾರು ಕೊನೆಗೆ ಬಂದರು ಎಂಬುದಕ್ಕೂ ಯಾರು ಹೋಗಬೇಕು ಎಂಬುದಕ್ಕೂ ಸಂಬಂಧವೇ ಇಲ್ಲ.

ಪ್ಲೇಟು ಸಾಲದಾಗಿ ನೀಮಾ 17ರ ಜಾಗಕ್ಕೆ 23 ಹಾಕಬೇಕಾಗಿ ಬಂತು ಎನ್ನಿ. ಅಗಲ 50, ಎಡದ 9.5 ಮತ್ತು ತೂತಿನ ಅಂತರ ಇವು ಡ್ರೈವಿಂಗ್ ಆಗಿದ್ದು, ಬಲದ 9.5 ಡ್ರಿವನ್ ಆಗಿತ್ತು. ಅಂತರವನ್ನು 47.14 ಮಾಡಿದರೆ ಎರಡನೆಯ ತೂತಿನ ಕೇಂದ್ರ ಎಡ ಅಂಚಿನಿಂದ 56.64ಕ್ಕೆ ಹೋಗಿ, ಪ್ಲೇಟಿನ ಆಚೆ ಗಾಳಿಯಲ್ಲಿ ನಿಲ್ಲುತ್ತದೆ. ಸ್ಕೆಚ್ ಕೆಂಪಾಗುವುದಿಲ್ಲ. ಮೂರು ಜಾಗಕ್ಕೆ ಮೂರು ಅಂಕಿ ಇರುವುದರಿಂದ ಎಲ್ಲವೂ ಸರಿ ಎಂದೇ ತೋರಿಸುತ್ತದೆ. ನನ್ನ ಮಟ್ಟಿಗೆ ಕೆಂಪಾಗುವ ಸ್ಕೆಚ್‌ಗಿಂತ ಅಪಾಯಕಾರಿ ಇದು. ಅದರ ಬದಲು ತೂತಿನ ಅಂತರವನ್ನೂ ಎರಡೂ ಬದಿಯ 9.5ನ್ನೂ ಡ್ರೈವಿಂಗ್ ಮಾಡಿ ಅಗಲವನ್ನು ಬಿಟ್ಟುಕೊಟ್ಟಿದ್ದರೆ, ಅಗಲ ತಾನಾಗಿ 66.14 ಆಗುತ್ತಿತ್ತು. ಮೋಟಾರಿನ ತೂತು ನಮ್ಮ ಕೈಯಲ್ಲಿಲ್ಲ, ತೂತಿನ ಸುತ್ತ ಇಷ್ಟು ಲೋಹ ಬೇಕೆಂಬುದು ಬಲದ ಪ್ರಶ್ನೆ. ಇಲ್ಲಿ ಬಗ್ಗಬಹುದಾದದ್ದು ಅಗಲ ಒಂದೇ. ಪ್ಲೇಟು 50 ಮಿ.ಮೀ. ಅಗಲದ ಸಿದ್ಧ ಪಟ್ಟಿಯಿಂದಲೇ ಬರಬೇಕು ಎಂದಿದ್ದರೆ ಉತ್ತರ ಬೇರೆಯಾಗುತ್ತಿತ್ತು.

ಅಂಕಿಯ ವೇಷ ಹಾಕದೆ ಬರುವ ಅಳತೆಗಳೂ ಇವೆ. ಗೆರೆಯನ್ನು ಹೆಚ್ಚುಕಡಿಮೆ ಅಡ್ಡಕ್ಕೆ ಎಳೆದರೆ ತಂತ್ರಾಂಶ ಅದಕ್ಕೆ ತಾನೇ ‘ಅಡ್ಡ’ ಎಂಬ ನಿರ್ಬಂಧ ಅಂಟಿಸುತ್ತದೆ, ಪಕ್ಕದ್ದಕ್ಕೆ ‘ಲಂಬ’ ಎಂದು. ಆಮೇಲೆ ಮೂಲೆಗೆ 90 ಡಿಗ್ರಿ ಎಂದು ಬರೆದರೆ ಅದು ನಕಲು. ಪ್ಲೇಟಿನ ಅಂಚುಗಳನ್ನೂ ತೂತುಗಳನ್ನೂ ನಡುಗೆರೆಯ ಎರಡೂ ಬದಿಗೆ ಸಮಮಿತಿಯಲ್ಲಿ ಕಟ್ಟಿದ್ದರೆ ಬೇಕಾಗುವುದು ಎರಡೇ ಅಂಕಿ, 31 ಮತ್ತು ಒಂದು 9.5. ಆಗ ಬಲದ 9.5 ಕೂಡ ಹೆಚ್ಚಾಯಿತು. ಆದ್ದರಿಂದ ದೂರು ಬಂದಾಗ ಕಣ್ಣಿಗೆ ಕಾಣುವ ಅಂಕಿಗಳನ್ನಷ್ಟೇ ಹುಡುಕಿದರೆ ಕಳ್ಳ ಸಿಗುವುದಿಲ್ಲ. ನಿರ್ಬಂಧಗಳ ಪಟ್ಟಿ ತೆರೆದು, ಅನುಮಾನ ಬಂದದ್ದನ್ನು ತೆಗೆದು, ಗೆರೆಯನ್ನು ಮೌಸಿನಿಂದ ಎಳೆದು ನೋಡಬೇಕು. ತೆಗೆದ ಮೇಲೂ ಗೆರೆ ಅಲುಗದಿದ್ದರೆ ಅದು ನಿಜಕ್ಕೂ ನಕಲೇ ಆಗಿತ್ತು.

ಸ್ಕೆಚ್‌ನಲ್ಲಿ ಮಾಡಿದ ಈ ಆಯ್ಕೆ ನಕ್ಷೆಯ ಹಾಳೆಗೂ ಹೋಗಬೇಕು. ಅಲ್ಲಿ ಲೆಕ್ಕದಿಂದ ಬಂದ ಅಳತೆಯನ್ನು ಆವರಣದೊಳಗೆ ಬರೆಯುವುದು ರೂಢಿ: (66.14). ಇದು ಮಾಹಿತಿಗೆ ಮಾತ್ರ, ಇದನ್ನು ಅಳೆದು ಮಾಲು ತಿರಸ್ಕರಿಸಬೇಡಿ ಎಂದು ಅದರ ಅರ್ಥ. ಆವರಣ ಮರೆತರೆ ಏನಾಗುತ್ತದೆ? ಪ್ರತಿ ಅಳತೆಗೂ 0.1 ಹೆಚ್ಚು ಅಥವಾ ಕಡಿಮೆ ಇರಬಹುದೆಂದು ಹಾಳೆಯಲ್ಲಿದ್ದರೆ, 9.5, 47.14, 9.5 ಮೂರೂ ತಮ್ಮ ಮಿತಿಯೊಳಗೇ ಇದ್ದು ಅಗಲ 66.44 ಆಗಬಹುದು, 65.84 ಕೂಡ ಆಗಬಹುದು. ಆದರೆ ಆವರಣವಿಲ್ಲದ 66.14 ತನಗೂ 0.1ರ ಮಿತಿ ಎನ್ನುತ್ತದೆ. ಅಂಗಡಿಯವನು ಮೂರನ್ನು ಪಾಲಿಸಿದರೆ ನಾಲ್ಕನೆಯದು ತಪ್ಪಬಹುದು. ಪ್ಲೇಟು ನಿಜಕ್ಕೂ ಯಂತ್ರದ ಬಿಗಿಯಾದ ಗಾಡಿಯೊಳಗೆ ಜಾರಬೇಕಿದ್ದರೆ ಅಗಲವನ್ನು ಆವರಣದಿಂದ ಹೊರಗೆ ತಂದು ಅದಕ್ಕೆ ತನ್ನದೇ ಮಿತಿ ಕೊಡಬೇಕು. ಆಗ ಆವರಣದೊಳಗೆ ಹೋಗಬೇಕಾದದ್ದು ಬಲ ಅಂಚಿನ 9.5.